ಎಲ್ಲರ ಎಣ್ಣೆಯೂ ಕಹಿಯಾದ ವರ್ಷ

ಆ ವರ್ಷ ನಮ್ಮೂರಿನಲ್ಲಿ ಎಲ್ಲರ ಎಣ್ಣೆಯೂ ಒಳ್ಳೆಯದಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಆಲಿವ್ ಎಣ್ಣೆ ಎಲ್ಲರದ್ದೂ ಒಳ್ಳೆಯದಾಗುವುದಿಲ್ಲ. ಒಬ್ಬ ಕಾಯಿ ಕಿತ್ತ ದಿನವೇ ಗಾಣಕ್ಕೆ ತರುತ್ತಾನೆ, ಇನ್ನೊಬ್ಬ ಮಗಳ ಮದುವೆ ಮುಗಿಯಲಿ ಎಂದು ಗೋಣಿಯಲ್ಲಿ ಕಟ್ಟಿ ಇಡುತ್ತಾನೆ. ಒಬ್ಬ ಮರದಿಂದ ಕೀಳುತ್ತಾನೆ, ಇನ್ನೊಬ್ಬ ನೆಲದ ಮೇಲೆ ಬಿದ್ದದ್ದನ್ನೂ ಬಾಚುತ್ತಾನೆ. ಎಣ್ಣೆ ಬಾಯಿಗೆ ಬಿದ್ದಾಗ ಇದೆಲ್ಲ ಗೊತ್ತಾಗುತ್ತದೆ. ಹೊಸ ಎಣ್ಣೆ ನಾಲಿಗೆಯ ಮೇಲೆ ಕಹಿಯಾಗಿ, ಗಂಟಲಲ್ಲಿ ಖಾರವಾಗಿ, ಒಂದು ಕೆಮ್ಮು ತರಿಸಿದರೆ ಅದು ಉತ್ತಮ. ನಮ್ಮಲ್ಲಿ ಎಣ್ಣೆಗೆ ‘ಕಹಿ’ ಎನ್ನುವುದು ಹೊಗಳಿಕೆ. ಹಾಗೆ ಹೊಗಳುವ ಅಧಿಕಾರ ನಮ್ಮ ಗಾಣದಲ್ಲಿ ಒಬ್ಬರಿಗೇ ಇತ್ತು: ನನ್ನ ತಂದೆಯ ಅಕ್ಕ, ಮಬ್ರೂಕಾ ಅತ್ತೆ.

ಗಾಣ ಎಂದರೆ ಈಗ ಒಂಟೆಯೂ ಇಲ್ಲ, ಕಲ್ಲೂ ಇಲ್ಲ. ಸ್ಟೀಲಿನ ಯಂತ್ರ, ಅದರ ಗದ್ದಲ. ತಂದೆ ತೀರಿಕೊಂಡ ಮೇಲೆ ಅದನ್ನು ನಾನು ನಡೆಸುತ್ತೇನೆ. ಯಂತ್ರದ ಬಾಯಿಯ ಪಕ್ಕದಲ್ಲಿ ಅತ್ತೆಯ ಮಣೆ ಇರುತ್ತದೆ. ಎಣ್ಣೆ ಬೀಳಲು ಶುರುವಾದಾಗ ಆಕೆ ರೊಟ್ಟಿಯ ಒಂದು ಚೂರನ್ನು ಮುರಿದು, ಅದ್ದಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಕೂರುತ್ತಾಳೆ. ರೈತ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಆಮೇಲೆ ಅತ್ತೆ ಬಲಗೈ ಎತ್ತಿದರೆ ಎಣ್ಣೆ ಒಳ್ಳೆಯ ತೊಟ್ಟಿಗೆ, ಎಡಗೈ ಎತ್ತಿದರೆ ಸಾಬೂನಿನವರ ತೊಟ್ಟಿಗೆ. ಮೇಲ್ಮನವಿ ಇಲ್ಲ. ಸಾಬೂನಿನ ತೊಟ್ಟಿಗೆ ಹೋದ ಎಣ್ಣೆಯ ಮನೆಯ ಹೆಂಗಸು ಮುಂದಿನ ಶುಕ್ರವಾರ ಊರ ಹೆಂಗಸರೆಲ್ಲ ಸೇರುವ ಸಾರ್ವಜನಿಕ ಸ್ನಾನದಮನೆಗೆ ಹೋಗುವುದನ್ನೇ ಬಿಡುತ್ತಾಳೆ, ಯಾರಾದರೂ ಕೇಳಿಯಾರು ಎಂದು.

ಆ ವರ್ಷದ ಏಪ್ರಿಲಿನಲ್ಲಿ ಅತ್ತೆಗೆ ಪಿತ್ತಕೋಶದ ಕಲ್ಲು. ನಗರದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಸ್ವಲ್ಪ ಜ್ವರ ಬಂದು ಒಂದೆರಡು ವಾರ ಅಲ್ಲೇ ಉಳಿಯಬೇಕಾಯಿತು. ಮನೆಗೆ ಬಂದ ದಿನದಿಂದ ಬಾಯಿ ಕಹಿ ಎನ್ನತೊಡಗಿದಳು.

"ಪಿತ್ತದ ಚೀಲ ಕಿತ್ತು ಹಾಕಿದ್ರಲ್ಲ," ಅತ್ತೆ ತನ್ನದೇ ವೈದ್ಯಶಾಸ್ತ್ರ ಹೇಳಿದಳು. "ಈಗ ಪಿತ್ತಕ್ಕೆ ಮನೆ ಎಲ್ಲಿದೆ? ಬೀದಿಪಾಲಾಯ್ತು. ಬಂದು ಬಾಯಲ್ಲಿ ಬಾಡಿಗೆಗೆ ಕೂತಿದೆ."

ಮಾವನದು ಬೇರೆ ಶಾಸ್ತ್ರ. ಅತ್ತೆಯ ಗಂಡ ಖಮೈಸ್ ಮಾವ ಜೀವಮಾನವಿಡೀ ರೈಲ್ವೆ ಗೇಟು ಕಾದವರು. ಗೇಟು ಒಮ್ಮೆಯೂ ತಡವಾಗಿ ಮುಚ್ಚಲಿಲ್ಲ ಎಂಬುದು ಅವರ ಇಡೀ ಆತ್ಮಕಥೆ. ಬಾಯಿ ಬರೀ ಕಹಿಯಲ್ಲ, ತಾಮ್ರ ನೆಕ್ಕಿದ ಹಾಗಿದೆ ಎಂದು ಅತ್ತೆ ಹೇಳಿದಾಗ ಅವರು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದರು.

"ಕಲಾಯಿ ಹೋಗಿದೆ ಕಣೇ! ನೋಡು, ಕೆಂಪಗೆ ಕಾಣ್ತಿದೆ. ನಿನ್ನ ಪಿತ್ತಕ್ಕೆ ಯಾಕೆ ಬಯ್ತೀಯ, ಅದು ಪಾಪದ್ದು."

ಕುಸ್‌ಕುಸ್ ಎಂಬ ಗೋಧಿ ರವೆಯ ಊಟ ಬೇಯಿಸುವ ದೊಡ್ಡ ಪಾತ್ರೆಯಿಂದ ಕಾಫಿಯ ಪುಟ್ಟ ಗಿಂಡಿಯವರೆಗೆ ಎಲ್ಲವನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಕಲಾಯಿಯವನ ಹತ್ತಿರ ಹೋದರು. ಪಾತ್ರೆಗಳು ಬೆಳ್ಳಿಯಂತೆ ಹೊಳೆಯುತ್ತ ಮರಳಿದವು. ಅತ್ತೆ ಒಂದು ತುತ್ತು ತಿಂದು ಮಾವನ ಮುಖ ನೋಡಿದಳು. ಆಸೆಯಿಂದ ಹಿಗ್ಗಿದ ಮುಖ.

"ಹೌದು ಹೌದು, ಈಗ ಎಷ್ಟೋ ವಾಸಿ," ಎಂದಳು.

ಅದು ಆಕೆಯ ಮೊದಲ ಸುಳ್ಳು. ನನಗೆ ಆಗ ಗೊತ್ತಾಗಲಿಲ್ಲ.

ನವೆಂಬರಿನಲ್ಲಿ ಗಾಣ ಶುರುವಾಯಿತು. ಮೊದಲ ದಿನ ಅತ್ತೆ ಮಣೆಯ ಮೇಲೆ ಕೂತು ರೊಟ್ಟಿ ಅದ್ದಿದಳು, ಕಣ್ಣು ಮುಚ್ಚಿದಳು.

"ಕಹಿ," ಎಂದು ಬಲಗೈ ಎತ್ತಿದಳು.

ಜನ ಖುಷಿಪಟ್ಟರು. ಎರಡನೆಯವನದು ಕಹಿ. ಮೂರನೆಯವನದೂ ಕಹಿ. ನಮ್ಮ ಕರಾವಳಿಯ ಕಾಯಿ ಸೌಮ್ಯವಾದದ್ದು, ಉತ್ತರದ ಬೆಟ್ಟದ ಕಾಯಿಯ ಹಾಗೆ ನಾಲಿಗೆ ಹಿಡಿಯುವುದಿಲ್ಲ. ವಾರ ಕಳೆಯುವುದರೊಳಗೆ ಕಾಫಿ ಅಂಗಡಿಯಲ್ಲಿ ಮಾತು ಹುಟ್ಟಿತು: ನಮ್ಮ ಮರಗಳಿಗೆ ಪೌರುಷ ಬಂದಿದೆ. ತಡವಾದ ಮಳೆಯಿಂದ ಎಂದು ಒಬ್ಬ, ಕಳೆದ ವರ್ಷ ಕಡಿದು ಸವರಿದ್ದರಿಂದ ಎಂದು ಇನ್ನೊಬ್ಬ. ಎಲ್ಲರೂ ಸರಿಯಾಗಿಯೇ ತರ್ಕಿಸುತ್ತಿದ್ದರು. ಹೊಗಳಿಸಿಕೊಂಡವನು ಕಾರಣ ಹುಡುಕುವುದರಲ್ಲಿ ಎಂದೂ ಸೋಲುವುದಿಲ್ಲ.

ಆಮೇಲೆ ಹಾಜಿ ಬೆಲ್ಗಾಸಿಂ ಬಂದ.

ಆತನ ಗೋಣಿಗಳು ಅಂಗಳಕ್ಕೆ ಬರುವ ಮೊದಲೇ ವಾಸನೆ ಬಂತು. ಕಾಯಿ ಮಳೆಯಲ್ಲಿ ನೆನೆದು, ಗೋಣಿಯಲ್ಲೇ ಬಿಸಿಯಾಗಿ, ಹುಳಿ ಬಂದು, ಕೆಳಗಿನಿಂದ ಕಪ್ಪು ರಸ ಸೋರುತ್ತಿತ್ತು. ಯಂತ್ರ ನೋಡಿಕೊಳ್ಳುವ ಮೊಂಜಿ ಮೂಗಿಗೆ ಬಟ್ಟೆ ಹಿಡಿದು, "ಹಾಜಿ, ಇದನ್ನ ಗಾಣಕ್ಕೆ ತಂದ್ರೋ ಇಲ್ಲಾ ಉಪ್ಪಿನಕಾಯಿ ಹಾಕ್ಸೋಕೆ ತಂದ್ರೋ?" ಎಂದ.

"ನಿನ್ನ ಕೆಲಸ ನೀನು ನೋಡಪ್ಪ. ತೀರ್ಪು ಕೊಡೋದು ಲಲ್ಲಾ ಮಬ್ರೂಕಾ, ನಿನ್ನ ಮೂಗಲ್ಲ." ಊರಿನವರೆಲ್ಲ ಅತ್ತೆಯನ್ನು ಗೌರವದಿಂದ ‘ಲಲ್ಲಾ’ ಎಂದೇ ಕರೆಯುತ್ತಿದ್ದರು.

ಎಣ್ಣೆ ಬಿತ್ತು. ಅತ್ತೆ ಅದ್ದಿದಳು. ಕಣ್ಣು ಮುಚ್ಚಿದವಳು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಆಮೇಲೆ ರೆಪ್ಪೆಯ ಸಂದಿಯಿಂದ ಹಾಜಿಯ ಮುಖ ನೋಡಿದಳು. ಅದನ್ನು ನಾನು ನೋಡಿದೆ. ಹಾಜಿ ಸಂತನಂತೆ ನಿಂತಿದ್ದ.

"ಕಹಿ," ಎಂದು ಅತ್ತೆಯ ಬಲಗೈ ಮೇಲೇರಿತು.

ಹಾಜಿಗೇ ಆಶ್ಚರ್ಯವಾಯಿತು. ಒಂದು ಕ್ಷಣ ಆತ ತಿರುಗಿ ನೋಡಿದ, ಬೇರೆ ಯಾರದಾದರೂ ಎಣ್ಣೆ ಇದೆಯೇ ಎಂಬಂತೆ.

ಮೊಂಜಿ ನನ್ನನ್ನು ನೋಡಿದ, ನಾನು ಅವನನ್ನು. ಅತ್ತೆ ಕೈ ತೊಳೆಯಲು ಎದ್ದು ಹೋದಾಗ ಅವನು ಸದ್ದಿಲ್ಲದೆ ಕೊಳವೆ ತಿರುಗಿಸಿ ಆ ಎಣ್ಣೆಯನ್ನು ಸಾಬೂನಿನ ತೊಟ್ಟಿಗೆ ಬಿಟ್ಟ. ನಾನು ಬೇಡವೆನ್ನಲಿಲ್ಲ. ಅಂದಿನಿಂದ ಹಾಗೆಯೇ ನಡೆಯಿತು. ಅತ್ತೆ ಕೈ ಎತ್ತುತ್ತಾಳೆ, ಮೊಂಜಿ ಬೆನ್ನ ಹಿಂದೆ ಬೆರಳು ಅದ್ದಿ ನೆಕ್ಕಿ ಕೊಳವೆ ತಿರುಗಿಸುತ್ತಾನೆ. ಆತನ ನಾಲಿಗೆ ಪರವಾಗಿಲ್ಲ, ಆದರೆ ಸಿಗರೇಟಿನ ನಾಲಿಗೆ. ಇನ್ನೆಷ್ಟು ದಿನ? ಒಳ್ಳೆಯ ತೊಟ್ಟಿಯ ಎಣ್ಣೆ ಒಮ್ಮೆ ಕೆಟ್ಟರೆ ಇಡೀ ಊರಿನ ವರ್ಷ ಕೆಟ್ಟ ಹಾಗೆ. ಅತ್ತೆಯನ್ನು ಮಣೆಯಿಂದ ಎಬ್ಬಿಸುವ ಮಾತು ನನ್ನದೇ ಬಾಯಿಂದ ಬರಬೇಕಿತ್ತು. ಆ ಮಣೆ ಹೋದರೆ ಅತ್ತೆಗೆ ಉಳಿಯುವುದೇನು ಎಂದು ನೆನೆದಾಗಲೆಲ್ಲ ನಾನು ಇನ್ನೊಂದು ವಾರ ಮುಂದೂಡುತ್ತಿದ್ದೆ. ಬೆಳಗಿನ ಹೊತ್ತು ಆಕೆ ಗೋಡೆ ಹಿಡಿದು ನಡೆಯುವುದನ್ನೂ ನೋಡುತ್ತಿದ್ದೆ. ಮಾತಿನ ನಡುವೆ ಹೆಸರು ಮರೆಯುತ್ತಿದ್ದಳು. ವಯಸ್ಸು ಎಂದು ಎಲ್ಲರೂ ಅಂದುಕೊಂಡೆವು. ವಯಸ್ಸು ಎಂಬ ಮಾತು ಎಷ್ಟು ಸುಲಭವಾಗಿ ಎಲ್ಲದಕ್ಕೂ ಹೊಂದುತ್ತದೆ!

ಡಿಸೆಂಬರಿನ ಮೊದಲಲ್ಲಿ ಖಮೈಸ್ ಮಾವ ತಮ್ಮನ ಮಗಳ ಮದುವೆಗೆಂದು ಗಾಬೆಸ್‌ಗೆ ಹೊರಟರು. ಅತ್ತೆಗೆ ಅಷ್ಟು ದೂರದ ಪ್ರಯಾಣ ಬೇಡವೆಂದು ನನ್ನನ್ನು ಮನೆಯಲ್ಲಿರಲು ಕರೆದರು; ಗಾಣವನ್ನು ಮೊಂಜಿಗೆ ಬಿಟ್ಟು ಹೋದೆ. ಹೊರಡುವ ಮುನ್ನ ಮೇಜಿನ ಮೇಲೆ ಕಾಫಿ ಕಪ್ಪುಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲಿ ಒಂದೊಂದು ಹೊತ್ತಿನ ಗುಳಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿದರು.

"ಇದು ಬೆಳಿಗ್ಗೆ, ರಕ್ತದೊತ್ತಡಕ್ಕೆ. ಇದು ಹೊಟ್ಟೆಗೆ. ಇದು ರಾತ್ರಿ ಹತ್ತಕ್ಕೆ, ನಿದ್ದೆಗೆ. ಹಾಯೆತ್, ಕೇಳಿಸ್ಕೊಂಡ್ಯಾ? ಅವಳು ನಿದ್ದೆ ಮಾಡ್ತಿದ್ರೂ ಎಬ್ಬಿಸಿ ಕೊಡ್ಬೇಕು."

"ನಿದ್ದೆ ಮಾಡ್ತಿದ್ರೆ ನಿದ್ದೆ ಗುಳಿಗೆ ಯಾಕೆ ಮಾವ?"

"ಆಸ್ಪತ್ರೇಲಿ ನರ್ಸು ಎಬ್ಬಿಸಿಯೇ ಕೊಡ್ತಿದ್ಲು. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ? ಬಿಡುಗಡೆ ದಿನ ಹೇಳಿದ್ದಾರೆ, ನಿಮ್ಮಷ್ಟಕ್ಕೆ ನೀವೇ ಏನೂ ನಿಲ್ಲಿಸಬೇಡಿ ಅಂತ. ನಾನು ಒಂದು ದಿನ ತಪ್ಪಿಸಿಲ್ಲ."

ಒಳಗಿನಿಂದ ಅತ್ತೆ ಕೂಗಿದಳು: "ಹೋಗ್ರೀ, ರೈಲು ನಿಮಗೋಸ್ಕರ ಗೇಟ್ ಹತ್ರ ಕಾಯಲ್ಲ."

ಅಂದು ರಾತ್ರಿ ಅತ್ತೆ ಊಟ ಮಾಡಿ, ಟೀವಿಯ ಮುಂದೆ ದಿವಾನದ ಮೇಲೆ ಹಾಗೆಯೇ ನಿದ್ದೆ ಹೋದಳು. ಬಾಯಿ ಅರ್ಧ ತೆರೆದಿತ್ತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಕಂಬಳಿ ಹೊದೆಸಿ ದೀಪ ಆರಿಸಿದೆ. ಬೆಳಿಗ್ಗೆ ನಾನು ಏಳುವಾಗ ಅತ್ತೆ ಆಗಲೇ ಅಂಗಳದಲ್ಲಿ ಕುಳಿತಿದ್ದಳು. ಕೋಳಿ ಕೂಗುವ ಮುಂಚೆಯೇ ಎಚ್ಚರವಾಯಿತಂತೆ, ಮತ್ತೆ ಕಣ್ಣು ಮುಚ್ಚಲಿಲ್ಲವಂತೆ. ಕಣ್ಣು ಕೆಂಪಾಗಿತ್ತು, ಸಿಡುಕುತ್ತಿದ್ದಳು. ನಾನು ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ನಿಲ್ಲಿಸಿದಳು.

"ಹಾಯೆತ್. ಇದಕ್ಕೆ ಏನು ಹಾಕಿದೆ?"

"ಏನಿಲ್ಲ ಅತ್ತೆ. ಕಿತ್ತಳೆ ಹೂವಿನ ನೀರು, ಯಾವಾಗಿನ ಹಾಗೇ."

"ಯಾವಾಗಿನ ಹಾಗೇ," ಎಂದು ಅತ್ತೆ ಮೆಲ್ಲನೆ ಹೇಳಿಕೊಂಡಳು. ಇನ್ನೊಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ಕೂತಳು. ಕಣ್ಣಲ್ಲಿ ನೀರು ತುಂಬಿತು. ನಾನು ಹೆದರಿ ಹತ್ತಿರ ಹೋದರೆ ಕೈಯಿಂದ ತಳ್ಳಿದಳು. "ಸುಮ್ನಿರು, ಮಾತಾಡ್ಬೇಡ. ಬಂದಿದೆ. ಹೂವು ಬಂದಿದೆ."

ಆ ದಿನವೆಲ್ಲ ಅತ್ತೆ ಮನೆಯಲ್ಲಿದ್ದದ್ದನ್ನೆಲ್ಲ ತಿಂದಳು. ಒಣ ಅಂಜೂರ, ಉಪ್ಪು ಹಾಕಿದ ನಿಂಬೆ, ಹರೀಸಾ ಎಂಬ ಮೆಣಸಿನ ಚಟ್ನಿಯ ಜಾಡಿಯ ಬುಡದಲ್ಲಿ ಉಳಿದ ಬೆಳ್ಳುಳ್ಳಿ. ಒಂದೊಂದನ್ನೂ ಹಳೇ ಗೆಳತಿ ಸಿಕ್ಕಂತೆ ಮಾತಾಡಿಸುತ್ತಿದ್ದಳು. ಸಂಜೆಗೆ ದಣಿದು ಮತ್ತೆ ದಿವಾನದ ಮೇಲೆ ನಿದ್ದೆ. ನಾನು ಮತ್ತೆ ಎಬ್ಬಿಸಲಿಲ್ಲ. ಅಂದಿನ ನಿದ್ದೆಯೂ ತುಂಡು ತುಂಡು, ಬೆಳಿಗ್ಗೆ ತಲೆನೋವು. ಆದರೆ ಬಾಯಿ ಶುದ್ಧ.

ಆಗಲೇ ಆಕೆ ನನಗೆ ಎಲ್ಲವನ್ನೂ ಹೇಳಿದ್ದು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತ, ನನ್ನ ಕಡೆ ನೋಡದೆ.

"ಈ ವರ್ಷ ನಾನು ಒಂದು ಎಣ್ಣೆಯನ್ನೂ ರುಚಿ ನೋಡಿಲ್ಲ ಕಣೇ. ಎಲ್ಲಾನೂ ಕಹಿ. ನೀರೂ ಕಹಿ. ಯಾವುದು ಎಣ್ಣೆ ಕಹಿ, ಯಾವುದು ನನ್ನ ಕಹಿ ಅಂತ ಗೊತ್ತಾಗ್ತಿರಲಿಲ್ಲ. ಅದಕ್ಕೆ ಮುಖ ನೋಡಿ ಹೇಳ್ತಿದ್ದೆ. ಬೆವರ್ತಿದಾನಾ, ಕಣ್ಣು ತಪ್ಪಿಸ್ತಾನಾ. ಆದ್ರೆ ಆ ಬೆಲ್ಗಾಸಿಂ ಇದಾನಲ್ಲ, ಅವನ ಮುಖ ಹುಟ್ಟಿದಾಗಿನಿಂದ ಸುಳ್ಳು ಹೇಳಿ ಪಳಗಿದೆ."

ನಾನು ಸುಲಿದ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದೆ.

"ಮೊಂಜಿ ಕೊಳವೆ ತಿರುಗಿಸೋದು ನನಗೆ ಕಾಣಲ್ಲ ಅಂದ್ಕೊಂಡ್ರಾ ಇಬ್ಬರೂ? ಕಣ್ಣಿಗೇನೂ ಆಗಿಲ್ಲ. ನನಗೆ ಅವಮಾನ ಆಗ್ಬಾರ್ದು ಅಂತ ನೀವು ನಾಟಕ ಆಡಿದ್ರಿ. ನಿಮ್ಮ ನಾಟಕ ಕೆಡಬಾರ್ದು ಅಂತ ನಾನು ಆಡಿದೆ." ಒಂದು ಬಟಾಣಿ ಬಾಯಿಗೆ ಹಾಕಿಕೊಂಡು ಅಗಿದಳು. "ಸಿಹಿಯಾಗಿದೆ. ತಗೋ."

ಮೂರನೆಯ ದಿನ ಮಧ್ಯಾಹ್ನ ಮಾವ ಮದುವೆಯ ಬಾದಾಮಿ ಮಿಠಾಯಿಯ ಪೊಟ್ಟಣ ಹಿಡಿದು ಬಂದರು. ಬಾಗಿಲಲ್ಲೇ ಅವರ ಕಣ್ಣು ಮೇಜಿನ ಮೇಲೆ ಹೋಯಿತು. ರಾತ್ರಿಯ ಕಪ್ಪುಗಳು ಮುಚ್ಚಿದ ಹಾಗೇ ಇದ್ದವು.

"ಕೊಡ್ಲಿಲ್ವಾ?" ಮಾವ ಒಂದು ತಟ್ಟೆ ಎತ್ತಿ ನೋಡಿದರು. "ಹಾಯೆತ್, ನಿನ್ನನ್ನ ನಂಬಿ ಹೋಗಿದ್ನಲ್ಲಮ್ಮ! ಆಸ್ಪತ್ರೆಯವರು ಬರೆದುಕೊಟ್ಟ ಔಷಧಿ!"

"ರೀ, ಅರಚಬೇಡಿ. ನನಗೆ ರುಚಿ ಬಂದಿದೆ."

"ರುಚಿ ಬಂದ್ರೆ ಸಾಕಾ? ನಿದ್ದೆ?"

"ನಿದ್ದೆ ಬರ್ಲಿಲ್ಲ."

"ನೋಡಿದ್ಯಾ!" ಮಾವ ನನ್ನ ಕಡೆ ತಿರುಗಿದರು. ಗೆದ್ದವರ ಮುಖವಲ್ಲ, ಹೆದರಿದವರ ಮುಖ. ಅಂದು ರಾತ್ರಿ ಹತ್ತಕ್ಕೆ ತಾವೇ ಗುಳಿಗೆ ಕೊಟ್ಟರು, ನೀರಿನ ಲೋಟ ಆಕೆಯ ತುಟಿಗೆ ಹಿಡಿದು. ಅತ್ತೆ ಅವರನ್ನು ನೋಯಿಸಲಾಗದೆ ನುಂಗಿದಳಂತೆ.

ಮರುದಿನ ಬೆಳಿಗ್ಗೆ ನಾನು ಗಾಣಕ್ಕೆ ಹೋಗುವ ಮುಂಚೆ ಇಣುಕಿದರೆ ಅತ್ತೆ ಕಾಫಿಯನ್ನು ಮುಂದಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಕುಡಿದಿರಲಿಲ್ಲ.

"ತಾಮ್ರ," ಎಂದಳು. ಆಮೇಲೆ ಮಾವನನ್ನು ಬೆರಳು ಮಾಡಿ ತೋರಿಸಿ, "ಈ ಮನುಷ್ಯ ಹೋದ, ಸಿಹಿ ಬಂತು. ಈ ಮನುಷ್ಯ ಬಂದ, ಕಹಿ ಬಂತು. ಹಾಯೆತ್, ನಲವತ್ತೈದು ವರ್ಷದ ಮೇಲೆ ಗೊತ್ತಾಯ್ತು, ತೊಂದರೆ ಯಾರಿಂದ ಅಂತ."

ಮಾವ ನಗಲಿಲ್ಲ. ಎದ್ದು ಹೊರಗೆ ಹೋಗಿ ಬಾಗಿಲ ಬಳಿ ನಿಂತರು. ತಮಾಷೆ ಅವರಿಗೆ ಚುಚ್ಚಿತೆಂದು ಅತ್ತೆಗೆ ತಿಳಿಯಿತು.

"ಬನ್ರೀ ಒಳಗೆ. ನಿಮ್ಮನ್ನಂದಿದ್ದಲ್ಲ. ಆ ಕಪ್ಪುಗಳನ್ನ ತನ್ನಿ. ಎಣ್ಣೆ ಕೆಟ್ಟಾಗ ನಾವು ಏನು ಮಾಡ್ತೀವಿ? ತೊಟ್ಟಿಗೆ ಬಯ್ತೀವಾ? ಒಂದೊಂದು ಗೋಣಿ ಬಿಚ್ಚಿ ನೋಡ್ತೀವಿ."

ಬೆಳಗ್ಗೆ ಬಾಯಿ ಬಹಳ ಕೆಟ್ಟಿದೆ, ಹೊತ್ತು ಇಳಿದ ಹಾಗೆ ಸ್ವಲ್ಪ ತಿಳಿಯಾಗುತ್ತದೆ ಎಂದು ಸಂಜೆಯವರೆಗೆ ಕಾಯಿಸಿದಳು. ನಾನು ಗಾಣದಿಂದ ಬಂದಾಗ ಮೇಜಿನ ಮೇಲೆ ರೊಟ್ಟಿ, ನೀರು, ಹೆಚ್ಚಿದ ಸೇಬು ಎಲ್ಲ ಸಿದ್ಧವಾಗಿತ್ತು. ಗಾಣದಲ್ಲಿ ಕೂರುವ ಹಾಗೇ ಬೆನ್ನು ನೆಟ್ಟಗೆ ಮಾಡಿ ಕೂತು, ಮೊದಲು ರಕ್ತದೊತ್ತಡದ ಗುಳಿಗೆಯ ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

"ಸೀಮೆಸುಣ್ಣ," ಎಂದು ಉಗಿದಳು. ಸೇಬು ತಿಂದಳು. ಹೊಟ್ಟೆಯ ಗುಳಿಗೆಯ ಕವಚ ಬಿಡಿಸಿ ಒಳಗಿನ ಪುಡಿಯನ್ನು ನಾಲಿಗೆಗೆ ಮುಟ್ಟಿಸಿದಳು. "ಇವನು ಹುಳಿ. ಪಾಪದವನು." ಮತ್ತೆ ರೊಟ್ಟಿ. ಆಮೇಲೆ ರಾತ್ರಿಯ ಗುಳಿಗೆಯನ್ನು ಹಲ್ಲಿನಿಂದ ಎರಡು ಮಾಡಿ ಒಡೆದ ಬದಿಯನ್ನು ನಾಲಿಗೆಗೆ ಮುಟ್ಟಿಸಿದಳು.

ಮುಖ ಕಿವುಚಿತು. ಕಣ್ಣು ತೆರೆಯದೆಯೇ ಎಡಗೈ ಮೇಲೆತ್ತಿದಳು.

"ಇವನೇ," ಎಂದಳು. "ಏಪ್ರಿಲಿನಿಂದ ನನ್ನ ಬಾಯಲ್ಲಿ ಕೂತಿರೋನು ಇವನೇ. ಸಾಬೂನಿನ ತೊಟ್ಟಿಗೆ ಹಾಕಿ."

"ಹಾಗೆಲ್ಲ ನಾವೇ ನಿಲ್ಲಿಸೋ ಹಾಗಿಲ್ಲ," ಮಾವ ಕಪ್ಪಿನ ಮೇಲೆ ಕೈ ಅಡ್ಡ ಇಟ್ಟರು. "ಡಾಕ್ಟರ್ ಹೇಳ್ಲಿ. ಡಾಕ್ಟರ್ ಹೇಳಿದ್ರೆ ನಾನೇ ಬಿಸಾಡ್ತೀನಿ."

ಆ ಮಾತು ಸರಿಯಾಗಿತ್ತು, ನಮಗೆ ಆಗ ಹಠವೆನಿಸಿದರೂ.

ನಮ್ಮೂರ ಡಿಸ್ಪೆನ್ಸರಿಯಲ್ಲಿ ಗುರುವಾರ ಹಳೇ ರೋಗಿಗಳ ದಿನ. ರೋಗಿಗಳ ದಿನ ಎಂದರೂ ರೋಗಿಗಳು ಬರುವುದಿಲ್ಲ, ಗಂಡಂದಿರು, ಸೊಸೆಯರು, ಮೊಮ್ಮಕ್ಕಳು ಬರುತ್ತಾರೆ. ಕಿಟಕಿಯಲ್ಲಿ ಕಾರ್ಡುಗಳನ್ನು ಒಂದರ ಮೇಲೊಂದು ಇಡುತ್ತಾರೆ. ನರ್ಸು ಆ ಗುಡ್ಡೆಯನ್ನು ಒಳಗೆ ಒಯ್ದು, ಒಂದು ಗಂಟೆ ಬಿಟ್ಟು ಚೀಟಿಗಳ ಗುಡ್ಡೆಯನ್ನು ಹೊರಗೆ ತರುತ್ತಾಳೆ. ಪ್ರತಿ ತಿಂಗಳೂ ಮಾವ ಅಲ್ಲಿ ಮೊದಲಿಗರಾಗಿ ನಿಲ್ಲುತ್ತಿದ್ದರು. ‘ಹಿಂದಿನದೇ ತಾನೇ?’ ಎಂದು ನರ್ಸು ಕೇಳಿದರೆ, ‘ಹಿಂದಿನದೇ ಮಗಳೇ, ದೇವರು ನಿನ್ನ ಚೆನ್ನಾಗಿಟ್ಟಿರಲಿ’ ಎನ್ನುತ್ತಿದ್ದರು.

ಈ ಗುರುವಾರ ಮಾವ ಕಾರ್ಡಿನ ಜೊತೆ ಹೆಂಡತಿಯನ್ನೂ ಕರೆದುಕೊಂಡು ಬಂದದ್ದು ನೋಡಿ ನರ್ಸು ಗಾಬರಿಯಾದಳು. "ಏನಾಯ್ತು ಖಮೈಸ್ ಕಾಕಾ? ಲಲ್ಲಾಗೆ ಹುಷಾರಿಲ್ವಾ?"

"ಹುಷಾರಾಗಿದಾಳೆ. ಅದಕ್ಕೇ ಕರ್ಕೊಂಡು ಬಂದೆ."

ಡಾಕ್ಟರ್ ಇನ್ಸಾಫ್ ನನ್ನ ವಯಸ್ಸಿನವಳು, ಬೇಸಿಗೆಯಲ್ಲಿ ಇಲ್ಲಿಗೆ ಬಂದವಳು. ಅತ್ತೆ ಕೂತ ಕೂಡಲೇ ಶುರು ಮಾಡಿದಳು: ಪಿತ್ತ, ಕಲಾಯಿ, ಗಾಬೆಸ್ ಮದುವೆ, ಸೇಬು, ಎಡಗೈ. ಡಾಕ್ಟರ್ ಮೊದಲು ನಕ್ಕಳು. ಆಮೇಲೆ ಗುಳಿಗೆಯ ಪೆಟ್ಟಿಗೆ ಕೈಗೆ ತೆಗೆದುಕೊಂಡು, ಕಾರ್ಡು ತಿರುಗಿಸಿ ನೋಡಿ, ನಗು ನಿಲ್ಲಿಸಿದಳು.

"ಇದನ್ನ ತಗೊಳ್ಳೋರಿಗೆ ಬಾಯಿ ಕಹಿಯಾಗೋದು ಬಹಳ ಸಾಮಾನ್ಯ, ಲಲ್ಲಾ. ರಕ್ತಕ್ಕೆ ಹೋಗಿ ಜೊಲ್ಲಿನಲ್ಲಿ ಮತ್ತೆ ಹೊರಗೆ ಬರುತ್ತೆ. ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ." ಕಾರ್ಡಿನ ಮೇಲೆ ಬೆರಳಿಟ್ಟಳು. "ಇಲ್ಲಿರೋದು ನನ್ನ ಸಹಿ. ತಿಂಗಳು ತಿಂಗಳೂ. ನಿಮ್ಮನ್ನ ನೋಡ್ತಿರೋದು ಇವತ್ತೇ ಮೊದಲು."

ಆಕೆ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಆಸ್ಪತ್ರೆಯವರು ಶುರು ಮಾಡಿದ್ದು ಅಂತ ನಾನು ಮುಟ್ಟಲಿಲ್ಲ. ಊರಿನ ಡಾಕ್ಟರು ನೋಡಿ ನಿಲ್ಲಿಸ್ತಾರೆ ಅಂತ ಅವರು ಅಂದ್ಕೊಂಡಿರ್ತಾರೆ. ಇದು ಎರಡು ಮೂರು ವಾರದ ಗುಳಿಗೆ. ಇರ್ಲಿ, ಆಸ್ಪತ್ರೇಲಿ ಯಾಕೆ ಕೊಟ್ರು? ಮುಂಚೆ ನಿದ್ದೆ ತೊಂದರೆ ಇತ್ತಾ?"

"ನನಗಾ?" ಅತ್ತೆಗೆ ಅವಮಾನವಾದಂತಿತ್ತು. "ನಾನು ಗಾಣದ ಯಂತ್ರದ ಪಕ್ಕದಲ್ಲೇ ಕೂತು ನಿದ್ದೆ ಮಾಡೋಳು. ಪಕ್ಕದ ಮಂಚದಲ್ಲಿ ಒಬ್ಬಳು ಇದ್ಲು, ಹಳ್ಳಿಯೋಳು. ಇಡೀ ರಾತ್ರಿ ತನ್ನ ಮೇಕೆಯನ್ನ ನೆನೆಸ್ಕೊಂಡು ಅಳೋಳು. ಹೆಸರು ಹಿಡಿದು ಕರೆಯೋಳು. ಯಾರು ಹಾಲು ಕರೀತಾರೆ, ಯಾರು ಕಟ್ಟಿ ಹಾಕ್ತಾರೆ ಅಂತ. ನಿದ್ದೆ ಬರ್ತಿಲ್ಲಮ್ಮ ಅಂದೆ ನರ್ಸಿಗೆ. ಅವತ್ತಿನಿಂದ ಕೊಟ್ರು."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಅಂದ್ರೆ ಇದು ಮೇಕೆಗೆ ಬರೆದ ಗುಳಿಗೆ."

"ಆ ಮೇಕೆಯನ್ನ ಬಕ್ರೀದಿಗೆ ತಿಂದೂ ಆಗಿರುತ್ತೆ," ಎಂದಳು ಅತ್ತೆ.

ನಾವೆಲ್ಲ ನಕ್ಕೆವು, ಒಬ್ಬರನ್ನು ಬಿಟ್ಟು. ಖಮೈಸ್ ಮಾವ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಅಂಚನ್ನೇ ತಿರುವುತ್ತಿದ್ದರು.

"ನಾನು ಎಬ್ಬಿಸಿ ಎಬ್ಬಿಸಿ ಕೊಟ್ಟೆ," ಎಂದರು. "ಪಾಪ, ನಿದ್ದೆ ಮಾಡ್ತಿದ್ಲು. ಎಬ್ಬಿಸಿ ಕೊಟ್ಟೆ. ನನ್ನ ಕೈಯಾರೆ."

"ಕಾಕಾ, ಕೊಡಿ ಅಂತ ಚೀಟಿ ಬರೆದೋಳು ನಾನು," ಎಂದಳು ಡಾಕ್ಟರ್. "ನೀವು ನಿಲ್ಲಿಸಿದ್ದೇ ಆದ್ರೆ ಇನ್ನೂ ತೊಂದರೆ ಆಗ್ತಿತ್ತು. ಇಷ್ಟು ತಿಂಗಳು ತಗೊಂಡ ಮೇಲೆ ಒಂದೇ ಸಲ ಬಿಡೋ ಹಾಗಿಲ್ಲ." ಅತ್ತೆಯ ಕಡೆ ತಿರುಗಿ, ಬೆಳಿಗ್ಗೆ ತಲೆ ತಿರುಗುತ್ತದೆಯೇ, ಬಿದ್ದಿದ್ದೀರಾ, ಮರೆವು ಇದೆಯೇ ಎಂದೆಲ್ಲ ಕೇಳಿದಳು. ಗೋಡೆ ಹಿಡಿಯುವ ವಿಷಯ ನಾನು ಹೇಳಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. "ಅದೂ ಇದರದ್ದೇ ಇರಬಹುದು," ಎಂದಳು ಡಾಕ್ಟರ್. "ಈ ವಯಸ್ಸಿಗೆ ಮೊದಲಿಂದಲೇ ಅರ್ಧ ಕೊಡಬೇಕಿತ್ತು. ಈಗ ಅರ್ಧಕ್ಕೆ ಇಳಿಸೋಣ. ಎರಡು ವಾರ ಬಿಟ್ಟು ನೀವೇ ಬನ್ನಿ, ಕಾರ್ಡ್ ಬೇಡ. ನೋಡಿ ಇನ್ನೂ ಇಳಿಸೋಣ. ನಡುನಡುವೆ ಕೆಲವು ರಾತ್ರಿ ಎಚ್ಚರವಾಗಿರ್ತೀರಿ. ಆಗ ಹೆದರಿ ಮತ್ತೆ ಪೂರ್ತಿ ನುಂಗಬೇಡಿ. ಅದು ಗುಳಿಗೆ ಮನೆ ಬಿಟ್ಟು ಹೋಗೋವಾಗ ಬಾಗಿಲು ಬಡಿಯೋ ಸದ್ದು, ಅಷ್ಟೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಹಗಲು ಮಲಗೋದು ಬೇಡ."

"ಗಾಣದ ಪಕ್ಕ ಕೂಡ?"

"ಗಾಣದ ಪಕ್ಕ ಕೂಡ."

ಹೊರಗೆ ಬಂದಾಗ ಮಾವ ಕೋಟಿನ ಗುಂಡಿಯನ್ನೂ ಹಾಕದೆ ನಡೆದರು. ಮಸೀದಿಯ ತಿರುವಿನಲ್ಲಿ ಅತ್ತೆ ನಿಂತು ಅವರ ಕೋಟಿನ ಗುಂಡಿ ಹಾಕಿದಳು.

"ಏನ್ರೀ ಮುಖ ಹೀಗೆ? ನನ್ನ ಗಂಡ ಬೇರೆಯವರ ಗಂಡಂದಿರ ಹಾಗೆ ಮರೆಗುಳಿ ಆಗಿದ್ರೆ ನಾನು ಮೇ ತಿಂಗಳಲ್ಲೇ ವಾಸಿಯಾಗ್ತಿದ್ದೆ. ಏನು ಮಾಡೋದು, ನನ್ನ ಹಣೇಲಿ ಪ್ರೀತಿ ಜಾಸ್ತಿ ಬರೆದಿತ್ತು."

ಆ ಮೇಲಿನ ವಾರಗಳು ಸುಲಭವಾಗಿರಲಿಲ್ಲ. ಅರ್ಧಕ್ಕೆ ಇಳಿದ ಮೊದಮೊದಲು ಅತ್ತೆ ಎರಡು ದಿನಕ್ಕೊಮ್ಮೆ ಜಗಳ ತೆಗೆದಳು. ಯಂತ್ರದ ಸದ್ದು ಜಾಸ್ತಿ, ಮೊಂಜಿಯ ಶಿಳ್ಳೆ ಜಾಸ್ತಿ, ನನ್ನ ಮಾತು ಜಾಸ್ತಿ. ನಿದ್ದೆಗೆಟ್ಟ ಕಣ್ಣುಗಳ ಕೆಳಗೆ ಚೀಲ. ಮಾವನೂ ಜೊತೆಗೆ ಎಚ್ಚರವಿದ್ದು ಇಸ್ಪೀಟು ಆಡುತ್ತಿದ್ದರಂತೆ. ಹಗಲು ಇಬ್ಬರೂ ಗೂಬೆಗಳ ಹಾಗೆ ಕೂತಿರುತ್ತಿದ್ದರು. ಒಂದು ದಿನ ಅತ್ತೆಯೇ, "ಕೊಟ್ಟುಬಿಡ್ರೀ ಪೂರ್ತಿ, ರುಚಿ ಹಾಳಾಗಿ ಹೋಗ್ಲಿ," ಎಂದು ಕೇಳಿದಳಂತೆ. ಮಾವ ಪೆಟ್ಟಿಗೆಯನ್ನು ಜೇಬಿನಲ್ಲಿ ಹಾಕಿಕೊಂಡು ಊರು ಸುತ್ತಲು ಹೋದರಂತೆ. ಕೊಡುವುದರಲ್ಲಿ ಎಷ್ಟು ಕಟ್ಟುನಿಟ್ಟೋ ಕೊಡದಿರುವುದರಲ್ಲೂ ಅಷ್ಟೇ.

ಗಾಣದಲ್ಲಿ ನಾನು ಮೊಂಜಿಗೂ ಅತ್ತೆಗೂ ಎದುರಿಗೇ ಹೇಳಿದೆ: ನಾಟಕ ಸಾಕು. ಬಾಯಿ ತಿಳಿಯಾಗುವವರೆಗೆ ಮೊಂಜಿ ಬೆಳಗಿನ ಎಣ್ಣೆ ನೋಡಲಿ, ಅತ್ತೆ ಸಂಜೆಯದನ್ನು. ಅನುಮಾನವಿದ್ದರೆ ಇಬ್ಬರೂ. ಅತ್ತೆ ಒಪ್ಪಿದಳು, ಒಂದು ಷರತ್ತಿನ ಮೇಲೆ: ಮೊಂಜಿ ಸಿಗರೇಟು ಬಿಡಬೇಕು.

"ಅದನ್ನೂ ಒಂದೇ ಸಲ ಬಿಡೋ ಹಾಗಿಲ್ಲ, ಲಲ್ಲಾ," ಎಂದ ಮೊಂಜಿ. "ಅರ್ಧಕ್ಕೆ ಇಳಿಸ್ತೀನಿ."

ಎರಡು ವಾರ ಬಿಟ್ಟು ಡಾಕ್ಟರ್ ಇನ್ನಷ್ಟು ಇಳಿಸಿದಳು. ಜನವರಿಯ ಕೊನೆಗೆ ಗುಳಿಗೆ ನಿಂತಿತು. ಅತ್ತೆ ಗೋಡೆ ಬಿಟ್ಟು ನಡೆದಳು. ನಿದ್ದೆ ಮೊದಲಿನಷ್ಟು ಗಟ್ಟಿಯಾಗಲಿಲ್ಲ, ಆದರೆ ಅದು ತನ್ನದೇ ನಿದ್ದೆ ಎನ್ನುತ್ತಿದ್ದಳು.

ಕೊನೆಯ ಕಾಯಿಯ ದಿನಗಳು. ಅಂದು ಬೆಳಿಗ್ಗೆ ಅತ್ತೆ ಮೊದಲ ಬಾರಿಗೆ ಬೆಳಗಿನ ಎಣ್ಣೆಗೆ ಮಣೆಯ ಮೇಲೆ ಕೂತಳು. ಅಂಗಳ ತುಂಬಿತ್ತು. ಮೊದಲ ಸರದಿ ನಮ್ಮದೇ ತೋಟದ ಕಾಯಿಯದು. ಈ ಗಡಿಬಿಡಿಯಲ್ಲಿ ನಾನು ಕೀಳಿಸಲು ತಡಮಾಡಿದ್ದೆ. ಅತ್ತೆ ರೊಟ್ಟಿ ಅದ್ದಿದಳು, ಕಣ್ಣು ಮುಚ್ಚಿದಳು. ಯಾರ ಮುಖವನ್ನೂ ನೋಡಲಿಲ್ಲ.

"ಚಪ್ಪೆ," ಎಂದಳು. "ಹಿಂದೆ ಸ್ವಲ್ಪ ಮುಗ್ಗಲು. ಯಾರದಿದು?"

"ನಮ್ಮದು ಅತ್ತೆ."

"ಗೊತ್ತು. ಎಲ್ಲರಿಗೂ ಕೇಳಿಸ್ಲಿ ಅಂತ ಕೇಳಿದೆ." ಎಡಗೈ ಎತ್ತಿದಳು.

ನನ್ನ ತಂದೆಯ ಕಾಲದಿಂದ ನಮ್ಮ ಎಣ್ಣೆ ಆ ತೊಟ್ಟಿಗೆ ಹೋಗಿರಲಿಲ್ಲ. ನಾನು ನಾಚಿಕೆಯಿಂದ ನಿಂತಿದ್ದೆ, ಆದರೆ ನಗು ತಡೆಯಲಾಗಲಿಲ್ಲ. ಮೊಂಜಿ ಎಲ್ಲರೂ ಕಾಣುವ ಹಾಗೆ ಕೊಳವೆ ತಿರುಗಿಸಿದ. ಎರಡನೆಯವನ ಎಣ್ಣೆಗೆ ಎಡಗೈ. ಮೂರನೆಯದಕ್ಕೆ ಬಲಗೈ ಅರ್ಧ ಎದ್ದು, ಯೋಚಿಸಿ, ಮೇಲೆ ಹೋಯಿತು. ನಾಲ್ಕನೆಯದು ಹಾಜಿ ಬೆಲ್ಗಾಸಿಂನದು. ಅತ್ತೆ ಚೂರನ್ನು ಬಾಯಿಗಿಟ್ಟವಳೇ ಉಗಿದಳು.

"ಹಾಜಿ, ಇದರಲ್ಲಿ ನಿಮ್ಮ ಗೋಣಿಯ ದಾರದ ರುಚಿ ಕೂಡ ಬರ್ತಿದೆ."

"ಹೋದ ಸಲ ಕಹಿ ಅಂದಿದ್ರಲ್ಲ ಲಲ್ಲಾ! ಅದೇ ತೋಟ, ಅದೇ ಮರ!"

"ಹೋದ ಸಲ ನನಗೆ ಹುಷಾರಿರ್ಲಿಲ್ಲ."

ಹಾಜಿ ಸುತ್ತ ನಿಂತವರನ್ನು ಸಾಕ್ಷಿಗೆ ಕರೆದ. ಆ ವರ್ಷ ಹೊಗಳಿಸಿಕೊಂಡಿದ್ದ ಅರ್ಧ ಊರು ಅಲ್ಲೇ ಇತ್ತು. ಗುಳಿಗೆಯ ಕಥೆ ಡಿಸ್ಪೆನ್ಸರಿಯ ಕಿಟಕಿಯಿಂದ ಆಗಲೇ ಊರೆಲ್ಲ ಹರಡಿತ್ತು; ತಮ್ಮ ಮರಗಳ ಪೌರುಷ ಎಲ್ಲಿಂದ ಬಂದಿತ್ತೆಂದು ಒಬ್ಬೊಬ್ಬರಿಗೂ ಈಗ ಹೊಳೆಯುತ್ತಿತ್ತು. ಯಾರೂ ಸಾಕ್ಷಿಗೆ ಬರಲಿಲ್ಲ.

"ಖಮೈಸ್!" ಹಾಜಿ ಕೊನೆಗೆ ಬಾಗಿಲ ಬಳಿ ಕೂತಿದ್ದ ಮಾವನ ಕಡೆ ತಿರುಗಿದ. "ಇಡೀ ಊರಿನ ಪರವಾಗಿ ಕೇಳ್ತಿದೀನಿ ಕಣಯ್ಯ. ದಯವಿಟ್ಟು ಇವರಿಗೆ ಆ ಗುಳಿಗೆ ಮತ್ತೆ ಶುರು ಮಾಡು!"

ಅಂಗಳವೆಲ್ಲ ನಕ್ಕಿತು. ಮಾವ ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕರು, ಕಣ್ಣು ಒರೆಸಿಕೊಳ್ಳುವಷ್ಟು. ಅತ್ತೆ ಮಾತ್ರ ನಗಲಿಲ್ಲ. ಒಂದು ಗುಟುಕು ನೀರು ಕುಡಿದು, ರೊಟ್ಟಿಯ ಇನ್ನೊಂದು ಚೂರು ಮುರಿದು, ಯಂತ್ರದ ಸದ್ದನ್ನು ಮೀರಿ ಕೂಗಿದಳು:

"ಯಾರದು ಮುಂದಿನದು?"

ಸಾಲಿನಲ್ಲಿದ್ದ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.